ಬ್ರೆಡ್‌ಬೋರ್ಡ್ ಫೋಟೊಗಳ ಹೋಲಿಕೆ: ಮೊದಲು ಜಾಡು, ಆಮೇಲೆ ಹಿಡಿತ, ಕೊನೆಗೆ ಅಚ್ಚುಕಟ್ಟು

ಒಂದೇ ಸರ್ಕ್ಯೂಟನ್ನು ಮೂವತ್ತು ವಿದ್ಯಾರ್ಥಿಗಳು ಕಟ್ಟಿ ಫೋಟೊ ಕಳಿಸಿದ್ದಾರೆ ಎಂದುಕೊಳ್ಳಿ. ಅವನ್ನು ಒಂದರ ನಂತರ ಒಂದು ತೆರೆದು ನೋಡಿ ಅಂಕ ಹಾಕತೊಡಗಿದರೆ ನೋಡಲು ಚೆಂದ ಇರುವುದೇ ಗೆಲ್ಲುತ್ತದೆ. ಬೋರ್ಡಿಗೆ ಅಂಟಿಕೊಂಡಂತೆ ಮಲಗಿದ ವೈರು, ಸಮನಾಗಿ ಕತ್ತರಿಸಿದ ಕಾಲು, ನೇರ ಗೆರೆಗಳು ಕಣ್ಣಿಗೆ ಮೊದಲು ಬೀಳುತ್ತವೆ. ಆದರೆ ಫೋಟೊದಿಂದ ತಿಳಿಯಬೇಕಾದದ್ದು ಮೂರು ಬೇರೆ ಬೇರೆ ವಿಷಯ: ಪ್ರತಿ ಜೋಡಣೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಓದಲು ಬರುತ್ತದೆಯೇ, ಯಾವ ತುದಿ ಸಡಿಲವಾಗಿರುವ ಅನುಮಾನವಿದೆ, ಒಟ್ಟಾರೆ ಕಟ್ಟಿದ್ದು ಅಚ್ಚುಕಟ್ಟಾಗಿದೆಯೇ. ಮೊದಲನೆಯದನ್ನು ಫೋಟೊ ಸಾಬೀತು ಮಾಡಬಲ್ಲದು. ಎರಡನೆಯದನ್ನು ಅನುಮಾನದ ಮಟ್ಟಕ್ಕೆ ಮಾತ್ರ ತಂದು ನಿಲ್ಲಿಸುತ್ತದೆ. ಮೂರನೆಯದು ಬರೀ ನೋಟ. ಹೀಗಾಗಿ ನೋಡುವ ಕ್ರಮವೂ ಅದೇ ಇರಬೇಕು, ಅಂಕದ ತೂಕವೂ ಅದೇ ಕ್ರಮದಲ್ಲಿ ಇಳಿಯಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಎಲ್ಲರೂ ಒಮ್ಮೆಯಾದರೂ ಕಟ್ಟುವ ಸರ್ಕ್ಯೂಟು: 555 ಟೈಮರ್ ಐಸಿಯಿಂದ ಮಿನುಗುವ ಎಲ್‌ಇಡಿ.

ಸರ್ಕ್ಯೂಟು ಮತ್ತು ಅದರ ಹನ್ನೆರಡು ಜೋಡಣೆಗಳು

ಬೋರ್ಡು 400 ತೂತಿನದು. 30 ಕಾಲಂ, ಎ-ಯಿಂದ ಜೆ-ವರೆಗೆ ಹತ್ತು ಸಾಲು, ಎರಡೂ ಅಂಚಿನಲ್ಲಿ ಪ್ಲಸ್ ಮತ್ತು ಮೈನಸ್ ರೈಲ್. ಒಂದನೇ ಕಾಲಂ ಎಡಕ್ಕೆ ಬರುವಂತೆ ಹಿಡಿದರೆ ಎ ಸಾಲು ಕೆಳಗೆ, ಜೆ ಸಾಲು ಮೇಲೆ. ಐಸಿಯ ಕಚ್ಚು ಎಡಕ್ಕಿಟ್ಟು ನಡುವಿನ ಕಾಲುವೆಯ ಮೇಲೆ ಕೂರಿಸಿದರೆ 1ರಿಂದ 4ನೇ ಪಿನ್‌ಗಳು ಇ10ರಿಂದ ಇ13ರವರೆಗೆ ಬರುತ್ತವೆ. ಮೇಲಿನ ಬದಿಯಲ್ಲಿ ಎಫ್10ರಲ್ಲಿ 8ನೇ ಪಿನ್, ಅಲ್ಲಿಂದ ಬಲಕ್ಕೆ 7, 6, 5.

ಬಿಡಿಭಾಗಗಳು ಇಷ್ಟು: 10 ಕಿಲೋ ಓಮ್, 68 ಕಿಲೋ ಓಮ್ ಮತ್ತು 470 ಓಮ್ ರೆಸಿಸ್ಟರ್ ಒಂದೊಂದು, 10 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, 10 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಮಿನುಗುವ ವೇಗದ ಲೆಕ್ಕ:

`f = 1.44 / ((R1 + 2×R2) × C)`

R1 ಜಾಗದಲ್ಲಿ 10 ಕಿಲೋ ಓಮ್, R2 ಜಾಗದಲ್ಲಿ 68 ಕಿಲೋ ಓಮ್, C ಜಾಗದಲ್ಲಿ 10 ಮೈಕ್ರೊಫ್ಯಾರಡ್ ಹಾಕಿದರೆ ಉತ್ತರ 0.99 ಹರ್ಟ್ಸ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಿನುಗಬೇಕು.

ಫೋಟೊ ತೆರೆಯುವ ಮೊದಲೇ ಈ ಸರ್ಕ್ಯೂಟಿನ ಜೋಡಣೆಗಳ ಪಟ್ಟಿ ನಿಮ್ಮ ಕೈಯಲ್ಲಿರಬೇಕು. ಇದಿಲ್ಲದೆ ಹೋಲಿಕೆ ಶುರು ಮಾಡಬೇಡಿ.

1. ಪಿನ್ 1ರಿಂದ ಮೈನಸ್ ರೈಲ್‌ಗೆ
2. ಪಿನ್ 8ರಿಂದ ಪ್ಲಸ್ ರೈಲ್‌ಗೆ
3. ಪಿನ್ 4ರಿಂದ ಪ್ಲಸ್ ರೈಲ್‌ಗೆ
4. ಪ್ಲಸ್ ರೈಲ್‌ನಿಂದ 10 ಕಿಲೋ ಓಮ್ ಮೂಲಕ ಪಿನ್ 7ಕ್ಕೆ
5. ಪಿನ್ 7ರಿಂದ 68 ಕಿಲೋ ಓಮ್ ಮೂಲಕ ಪಿನ್ 6ಕ್ಕೆ
6. ಪಿನ್ 2 ಮತ್ತು ಪಿನ್ 6ರ ನಡುವೆ ವೈರ್
7. ದೊಡ್ಡ ಕೆಪಾಸಿಟರ್: ಪ್ಲಸ್ ಕಾಲು ಪಿನ್ 2ಕ್ಕೆ, ಮೈನಸ್ ಕಾಲು ಮೈನಸ್ ರೈಲ್‌ಗೆ
8. ಸೆರಾಮಿಕ್ ಕೆಪಾಸಿಟರ್: ಪಿನ್ 5ರಿಂದ ಮೈನಸ್ ರೈಲ್‌ಗೆ
9. ಪಿನ್ 3ರಿಂದ 470 ಓಮ್ ಮೂಲಕ ಎಲ್‌ಇಡಿಯ ಉದ್ದ ಕಾಲಿಗೆ
10. ಎಲ್‌ಇಡಿಯ ಇನ್ನೊಂದು ಕಾಲಿನಿಂದ ಮೈನಸ್ ರೈಲ್‌ಗೆ
11. ಬ್ಯಾಟರಿಯ ಎರಡು ವೈರ್ ರೈಲ್‌ಗಳಿಗೆ
12. ಮೇಲಿನ ಮತ್ತು ಕೆಳಗಿನ ರೈಲ್‌ಗಳನ್ನು ಸೇರಿಸುವ ಎರಡು ವೈರ್

ಹನ್ನೆರಡನೆಯದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ, ನೋಡುವವರೂ ಮರೆಯುತ್ತಾರೆ. ಮೇಲಿನ ಪ್ಲಸ್ ರೈಲ್‌ಗೂ ಕೆಳಗಿನದಕ್ಕೂ ಬೋರ್ಡಿನ ಒಳಗೆ ಯಾವ ಸಂಬಂಧವೂ ಇಲ್ಲ. 830 ತೂತಿನ ಉದ್ದ ಬೋರ್ಡಿನಲ್ಲಾದರೆ ಇನ್ನೊಂದು ಮೋಸವಿದೆ: ಹಲವು ಬೋರ್ಡುಗಳಲ್ಲಿ ಒಂದೇ ರೈಲ್ ಕೂಡ ನಡುವೆ ತುಂಡಾಗಿರುತ್ತದೆ. ಅಂಚಿನ ಕೆಂಪು-ನೀಲಿ ಗೆರೆ ನಡುವೆ ನಿಂತು ಮತ್ತೆ ಶುರುವಾಗಿದ್ದರೆ ಒಳಗಿನ ಲೋಹದ ಪಟ್ಟಿಯೂ ಅಲ್ಲಿ ನಿಂತಿದೆ ಎಂದೇ ಹಿಡಿದು, ಅಲ್ಲೊಂದು ಜೋಡಣೆ ವೈರ್ ಇದೆಯೇ ಎಂದು ಹುಡುಕಿ.

ಈ ಹನ್ನೆರಡು ಜೋಡಣೆಗೆ ಬೋರ್ಡಿನೊಳಗೆ ಎಷ್ಟು ತುದಿ ಇಳಿಯುತ್ತವೆ ಎಂಬುದನ್ನೂ ಎಣಿಸಿಡಿ. ಐಸಿಯ 8 ಪಿನ್, ಉಳಿದ ಬಿಡಿಭಾಗಗಳ 12 ಕಾಲು, ಬ್ಯಾಟರಿಯ 2. ಪಿನ್ 1, ಪಿನ್ 8, ಪಿನ್ 4, ಪಿನ್ 2-6 ಮತ್ತು ಎಲ್‌ಇಡಿಗೆ ಒಂದೊಂದು, ರೈಲ್‌ಗಳಿಗೆ ಎರಡು ಎಂದು ಏಳು ವೈರ್, ಅಂದರೆ 14 ತುದಿ. ಒಟ್ಟು 36. ಪ್ರತಿಯೊಂದೂ ಒಂದು ಸ್ಪ್ರಿಂಗ್ ಹಿಡಿತದ ಮೇಲೆ ನಿಂತಿದೆ. ಸಡಿಲದ ಅನುಮಾನವನ್ನು ಈ 36ರ ಲೆಕ್ಕದಲ್ಲಿ ಹೇಳಿದರೆ ಮಾತ್ರ ಎರಡು ಫೋಟೊಗಳನ್ನು ಹೋಲಿಸಲು ಬರುತ್ತದೆ.

ಫೋಟೊ ಹೇಗಿರಬೇಕೆಂದು ಮೊದಲೇ ಹೇಳಿ

ಒಬ್ಬನದು ಓರೆಯಾಗಿ, ಇನ್ನೊಬ್ಬಳದು ಕತ್ತಲಲ್ಲಿ ತೆಗೆದ ಫೋಟೊ ಆದರೆ ನೀವು ಹೋಲಿಸುತ್ತಿರುವುದು ಸರ್ಕ್ಯೂಟನ್ನಲ್ಲ, ಮೊಬೈಲನ್ನು. ನಾಲ್ಕು ಫೋಟೊ ಕೇಳಿ: ನೇರ ಮೇಲಿನಿಂದ ಒಂದು, ಉದ್ದದ ಎರಡೂ ಬದಿಗಳಿಂದ ಬೋರ್ಡಿನ ಮಟ್ಟಕ್ಕೆ ಸುಮಾರು 30 ಡಿಗ್ರಿ ತಗ್ಗಿ ಒಂದೊಂದು, ಐಸಿಯ ಹತ್ತಿರದ ನೋಟ ಒಂದು. ಒಂದನೇ ಕಾಲಂ ಎಲ್ಲರದ್ದೂ ಎಡಕ್ಕಿರಲಿ, ಕಾಲಂ ನಂಬರ್ ಓದಲು ಬರಲಿ. ಫ್ಲ್ಯಾಶ್ ಬೇಡ. ಐಸಿಯ ಮೇಲಿನ ಬರಹ ಮತ್ತು ಕಚ್ಚು ಅದರ ಹೊಳಪಿನಲ್ಲಿ ಮುಚ್ಚಿಹೋಗುತ್ತವೆ. ಕಿಟಕಿಯ ಬೆಳಕು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ತೂತುಗಳ ಅಂಚು ಕಲಸಿಹೋಗುತ್ತದೆ.

ಮೇಲಿನ ಫೋಟೊವನ್ನು ಹತ್ತಿರದಿಂದ ತೆಗೆಯದೆ 40 ಸೆಂ.ಮೀ. ದೂರದಿಂದ ಜೂಮ್ ಮಾಡಿ ತೆಗೆಯಬೇಕು. ಕಾರಣ ಸರಳ. ಬೋರ್ಡಿನ ಮೇಲೆ 10 ಮಿ.ಮೀ. ಎತ್ತರಕ್ಕೆ ನಿಂತ ರೆಸಿಸ್ಟರಿನ ತಲೆ ಫೋಟೊದಲ್ಲಿ ತನ್ನ ನಿಜವಾದ ಜಾಗಕ್ಕಿಂತ ಹೊರಕ್ಕೆ ಜರುಗಿ ಕಾಣುತ್ತದೆ. ಮೊಬೈಲ್ 15 ಸೆಂ.ಮೀ. ಎತ್ತರದಲ್ಲಿದ್ದು, ಆ ಭಾಗ ಫೋಟೊದ ನಡುವಿನಿಂದ 4 ಸೆಂ.ಮೀ. ಆಚೆ ಇದ್ದರೆ ಜರುಗುವಿಕೆ ಸುಮಾರು 2.9 ಮಿ.ಮೀ. ಬೋರ್ಡಿನ ತೂತುಗಳ ನಡುವಿನ ಅಂತರವೇ 2.54 ಮಿ.ಮೀ. ಆಗಿರುವಾಗ ಒಂದು ಕಾಲಂನಲ್ಲಿರುವುದು ಪಕ್ಕದ ಕಾಲಂನಲ್ಲಿದ್ದಂತೆ ಕಾಣುತ್ತದೆ, ಸರಿಯಾಗಿ ಕಟ್ಟಿದವನಿಗೆ ತಪ್ಪು ಬೀಳುತ್ತದೆ. 40 ಸೆಂ.ಮೀ.ಗೆ ಹೋದರೆ ಇದೇ ಜರುಗುವಿಕೆ 1 ಮಿ.ಮೀ.ಗೆ ಇಳಿಯುತ್ತದೆ. ಹಾಗಿದ್ದರೂ ತೂತನ್ನು ಗುರುತಿಸುವಾಗ ಬಿಡಿಭಾಗದ ತಲೆಯನ್ನು ನೋಡದೆ ಕಾಲು ಬೋರ್ಡನ್ನು ಮುಟ್ಟುವ ಜಾಗವನ್ನೇ ನೋಡಬೇಕು.

ಫೋಟೊಗಳು ಬಂದ ಮೇಲೆ ಹೆಸರು ತೆಗೆದು ಅಕ್ಷರ ಕೊಡಿ. ಆಮೇಲೆ ಒಬ್ಬರದನ್ನು ಪೂರ್ತಿ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬೇಡಿ. ಎಲ್ಲರ ಜಾಡು ಮೊದಲು, ಎಲ್ಲರ ಹಿಡಿತ ಆಮೇಲೆ. ಹತ್ತನೇ ಫೋಟೊ ನೋಡುವ ಹೊತ್ತಿಗೆ ನಿಮ್ಮ ಅಳತೆಗೋಲು ಸಡಿಲಾಗಿರುತ್ತದೆ. ಒಂದೇ ಪ್ರಶ್ನೆ ಹಿಡಿದು ಎಲ್ಲವನ್ನೂ ನೋಡಿದರೆ ಆ ಸಡಿಲ ಕಡಿಮೆಯಾಗುತ್ತದೆ.

ಮೊದಲ ಸುತ್ತು: ಜಾಡು

ಪಟ್ಟಿಯ ಒಂದನೇ ಜೋಡಣೆಯಿಂದ ಶುರು ಮಾಡಿ. ಪಿನ್ 1ರ ಕಾಲಂನಲ್ಲಿ, ಅಂದರೆ ಒಳಗೆ ಒಂದಕ್ಕೊಂದು ಸೇರಿರುವ ಎ10ರಿಂದ ಇ10ರವರೆಗಿನ ಐದು ತೂತುಗಳಲ್ಲಿ ಏನೇನು ಇಳಿದಿದೆ ನೋಡಿ. ವೈರ್ ಇದ್ದರೆ ಅದರ ಮೇಲೆ ಕಣ್ಣಿಟ್ಟು ಇನ್ನೊಂದು ತುದಿಯವರೆಗೆ ಹೋಗಿ. ಬೋರ್ಡಿನ ಅಂಚಿನಿಂದ ಕಾಲಂ ಎಣಿಸುತ್ತ ಬರುವುದಕ್ಕಿಂತ ಐಸಿಯ ಪಿನ್‌ನಿಂದ ಎಣಿಸುವುದು ಸುಲಭ, ತಪ್ಪೂ ಕಡಿಮೆ. ಪ್ರತಿ ಜೋಡಣೆಗೆ ಮೂರರಲ್ಲಿ ಒಂದು ಗುರುತು ಹಾಕಿ: ಕಂಡಿತು, ಊಹೆ, ಕಾಣಲಿಲ್ಲ.

ಊಹೆ ಎಂಬುದು ಬೇರೆ ಗುರುತಾಗಿಯೇ ಇರಬೇಕು. ಸರ್ಕ್ಯೂಟ್ ಗೊತ್ತಿರುವವರಿಗೆ ಅರ್ಧ ಕಂಡರೂ ಉಳಿದರ್ಧವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಪಿನ್ 2ರಿಂದ ಹೊರಟ ವೈರ್ ಪಿನ್ 6ಕ್ಕೇ ಹೋಗಿರಬೇಕು ಎಂದು ನಮಗೆ ಗೊತ್ತು. ಹಾಗಾಗಿ ಹೋಗಿದ್ದನ್ನು ಕಂಡೆವು ಎಂದು ಬರೆದುಬಿಡುತ್ತೇವೆ. ಇದಕ್ಕೆ ಮದ್ದು ಒಂದೇ: ಎರಡೂ ತುದಿಯ ತೂತಿನ ಹೆಸರು ಬರೆಯಲು ಆದರೆ ಮಾತ್ರ ಕಂಡಿತು. ‘ಎ10ರಿಂದ ಕೆಳಗಿನ ಮೈನಸ್ ರೈಲ್’ ಎಂದು ಬರೆಯಲಾಗದಿದ್ದರೆ ಅದು ಊಹೆ. ವೈರ್‌ನ ಒಂದು ತುದಿಯೂ ಗುರುತಾಗದಿದ್ದರೆ, ಅಥವಾ ಗೋಜಲಲ್ಲಿ ಯಾವ ತುದಿಗೆ ಯಾವುದು ಜೋಡಿ ಎಂದೇ ತಿಳಿಯದಿದ್ದರೆ ಕಾಣಲಿಲ್ಲ. ಅನುಮಾನವಿದ್ದರೆ ಬದಿಯ ಫೋಟೊ ತೆರೆಯಿರಿ, ಆದರೆ ಮೇಲಿನ ಫೋಟೊದಲ್ಲೇ ಎಷ್ಟು ಸಿಕ್ಕಿತು ಎಂಬುದನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಿ. ಲ್ಯಾಬಿನಲ್ಲಿ ದೋಷ ಹುಡುಕುವವರಿಗೆ ಕಾಣುವುದು ಬಹುಮಟ್ಟಿಗೆ ಆ ಮೇಲಿನ ನೋಟವೇ.

ಬಣ್ಣದ ವಿಷಯದಲ್ಲಿ ಅತಿ ಕಟ್ಟುನಿಟ್ಟು ಬೇಡ. ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕಪ್ಪು, ಉಳಿದದ್ದಕ್ಕೆ ಇವೆರಡೂ ಅಲ್ಲದ ಬಣ್ಣ, ಇಷ್ಟು ಸಾಕು. ಕಪ್ಪು ವೈರ್ ಇಲ್ಲದೆ ಕಂದು ಹಾಕಿದ್ದರೂ ಎಲ್ಲ ಕಡೆ ಕಂದೇ ಇದ್ದರೆ ಪೂರ್ತಿ ಅಂಕ. ಕಪ್ಪನ್ನು ಪ್ಲಸ್‌ಗೆ ಹಾಕಿದವನಿಗೆ ಮಾತ್ರ ಕಡಿತ ಸಲ್ಲಬೇಕು, ಏಕೆಂದರೆ ಆ ಬೋರ್ಡನ್ನು ಮುಂದೆ ಕೈಗೆತ್ತಿಕೊಂಡವರು ಬ್ಯಾಟರಿಯನ್ನು ತಿರುಗುಮುರುಗಾಗಿ ಹಾಕುವ ಸಾಧ್ಯತೆ ಇದೆ.

ಎರಡನೇ ಸುತ್ತು: ಹಿಡಿತ

ತೂತಿನೊಳಗೆ ಎರಡು ಲೋಹದ ದವಡೆಗಳಿವೆ. ಅವು ಕಚ್ಚುವುದು ಮೇಲ್ಮೈಯಲ್ಲಲ್ಲ, ಕೆಲವು ಮಿ.ಮೀ. ಕೆಳಗೆ. ತುದಿ ಅಲ್ಲಿಯವರೆಗೆ ತಲುಪಬೇಕು, ದಪ್ಪ ಸರಿಯಿರಬೇಕು, ಗಟ್ಟಿಯಾಗಿರಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ 22 ಗೇಜ್ ಸಿಂಗಲ್ ಸ್ಟ್ರಾಂಡ್ ಎಂದು ಕೇಳಿದರೆ ಸಿಗುವ ವೈರ್‌ನ ತಂತಿ ಸುಮಾರು 0.64 ಮಿ.ಮೀ. ದಪ್ಪ. ಬೋರ್ಡಿಗೆ ಹೇಳಿ ಮಾಡಿಸಿದಂಥದ್ದು. ಲ್ಯಾನ್ ಕೇಬಲ್ ಬಿಚ್ಚಿ ತೆಗೆದ 0.5 ಮಿ.ಮೀ. ತಂತಿಯೂ ನಡೆಯುತ್ತದೆ. ಸಿಪ್ಪೆ 7ರಿಂದ 8 ಮಿ.ಮೀ. ಸುಲಿಯಬೇಕು.

ಈಗ ಬದಿಯ ಫೋಟೊದಲ್ಲಿ ಒಂದೊಂದೇ ತುದಿ ನೋಡಿ. ತೂತಿನ ಮೇಲೆ 2 ಮಿ.ಮೀ.ಗಿಂತ ಹೆಚ್ಚು ಬರಿ ತಂತಿ ಹೊಳೆಯುತ್ತಿದ್ದರೆ ಎರಡು ಸಾಧ್ಯತೆ: ಸಿಪ್ಪೆ ಹೆಚ್ಚು ಸುಲಿದಿರಬಹುದು, ಇಲ್ಲವೇ ವೈರ್ ಪೂರ್ತಿ ಇಳಿದಿಲ್ಲದಿರಬಹುದು. ಮೊದಲನೆಯದರಲ್ಲಿ ಪಕ್ಕದ ತಂತಿಗೆ ತಾಗುವ ಅಪಾಯ, ಎರಡನೆಯದರಲ್ಲಿ ಸಡಿಲ. ಫೋಟೊ ನೋಡಿ ಯಾವುದೆಂದು ಹೇಳಲಾಗದು, ಆದರೂ ಎರಡೂ ಅನುಮಾನದ ಪಟ್ಟಿಗೇ ಸೇರುತ್ತವೆ. ಇದಕ್ಕೆ ಉಲ್ಟಾ ಮೋಸವೂ ಇದೆ. ಸಿಪ್ಪೆ ತೂತಿಗೆ ಅಂಟಿಕೊಂಡು ಲೋಹವೇ ಕಾಣದಿದ್ದರೆ ನೋಡಲು ಅಂದ, ಆದರೆ 4 ಮಿ.ಮೀ. ಮಾತ್ರ ಸುಲಿದ ವೈರೂ ಹಾಗೆಯೇ ಕಾಣುತ್ತದೆ. ಅಲ್ಲಿ ತಂತಿ ದವಡೆಯ ತುದಿಯನ್ನಷ್ಟೇ ಮುಟ್ಟಿರುತ್ತದೆ. ವೈರ್ ಬಿಲ್ಲಿನಂತೆ ಬಿಗಿಯಾಗಿ ಎಳೆದುಕೊಂಡಿದೆಯೇ ಎಂಬುದು ಇಲ್ಲಿ ಸಿಗುವ ಒಂದು ಸುಳಿವು. ಬಿಗಿಯಾದ ವೈರ್ ತನ್ನ ತುದಿಯನ್ನು ತಾನೇ ಮೇಲಕ್ಕೆ ಎಳೆಯುತ್ತಿರುತ್ತದೆ.

ಸಿಂಗಲ್ ಸ್ಟ್ರಾಂಡ್ ಬದಲು ಹಲವು ಎಳೆಯ ವೈರನ್ನು ತೂತಿಗೆ ತುರುಕಿದ್ದರೆ ಅದು ಎಲ್ಲಕ್ಕಿಂತ ಖಚಿತವಾದ ಅನುಮಾನ. ಎಳೆಗಳು ಬಾಯಲ್ಲೇ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಬ್ಯಾಟರಿ ಕ್ಯಾಪ್‌ನ ವೈರ್ ಸಾಮಾನ್ಯವಾಗಿ ಇಂಥದ್ದೇ, ಹಾಗಾಗಿ ಹನ್ನೊಂದನೇ ಜೋಡಣೆಯನ್ನು ಎಲ್ಲರ ಫೋಟೊದಲ್ಲೂ ದೊಡ್ಡದು ಮಾಡಿ ನೋಡಲೇಬೇಕು. ತುದಿಗೆ ಬೆಸುಗೆ ಸವರಿದ್ದರೆ ಅಥವಾ ಸಿಂಗಲ್ ಸ್ಟ್ರಾಂಡ್ ತುಂಡಿಗೆ ಬೆಸೆದು ಮೇಲೆ ಸ್ಲೀವ್ ತೊಡಿಸಿದ್ದರೆ ಸರಿ. ಒಂದೇ ತೂತಿಗೆ ಎರಡು ಕಾಲು ಇಳಿಸಿದ್ದರೆ ಎರಡನ್ನೂ ಅನುಮಾನಕ್ಕೆ ಎಣಿಸಿ. ದಪ್ಪನೆಯದು ದವಡೆಯನ್ನು ಅಗಲಿಸುತ್ತದೆ, ತೆಳ್ಳನೆಯದು ತೇಲುತ್ತದೆ.

ರೆಡಿಮೇಡ್ ಜಂಪರ್‌ಗಳ ಕಪ್ಪು ಪ್ಲಾಸ್ಟಿಕ್ ತಲೆ ಬೋರ್ಡಿಗೆ ತಾಗಿ ನೆಟ್ಟಗೆ ನಿಂತಿದ್ದರೆ ಪಿನ್ ಪೂರ್ತಿ ಇಳಿದಿದೆ. ಒಂದು ಬದಿಗೆ ವಾಲಿದ್ದರೆ ಅನುಮಾನ. ಈ ತಲೆಗಳ ಅಗಲವೂ ತೂತುಗಳ ಅಂತರದಷ್ಟೇ ಇರುವುದರಿಂದ ಪಕ್ಕಪಕ್ಕದ ಮೂರ್ನಾಲ್ಕು ತೂತಿಗೆ ಹಾಕಿದಾಗ ಒಂದನ್ನೊಂದು ತಳ್ಳುತ್ತವೆ. ಅಂಚಿನವು ಹೊರಕ್ಕೆ ವಾಲುತ್ತವೆ.

ಐಸಿ ಮಾತ್ರ ತಾನೇ ಒಂದು ಅಧ್ಯಾಯ. ಹೊಸ ಐಸಿಯ ಕಾಲುಗಳು ಹೊರಕ್ಕೆ ಚಾಚಿರುತ್ತವೆ. ಎರಡು ಸಾಲಿನ ಅಂತರ 7.62 ಮಿ.ಮೀ. ಆಗುವಂತೆ ಮೇಜಿಗೆ ಒತ್ತಿ ಸರಿಮಾಡದೆ ಒತ್ತಿದರೆ ಯಾವುದಾದರೂ ಒಂದು ಕಾಲು ಹೊಟ್ಟೆಯ ಕೆಳಗೆ ಮಡಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಎಂಟೂ ಕಾಲು ತೂತಿಗೆ ಇಳಿದಂತೆಯೇ ಕಾಣುತ್ತವೆ. ಐಸಿಯ ಹತ್ತಿರದ ಫೋಟೊ ಮತ್ತು ಎರಡು ಬದಿಯ ಫೋಟೊ ಕೇಳಿದ್ದು ಮುಖ್ಯವಾಗಿ ಇದಕ್ಕೇ. ಭುಜದ ಕೆಳಗೆ ಕಾಲಿನ ಸಪೂರ ಭಾಗ ತೂತಿನೊಳಕ್ಕೆ ಹೋಗುವುದು ಎಂಟೂ ಕಡೆ ಕಾಣಬೇಕು. ಐಸಿಯ ಹೊಟ್ಟೆ ಮತ್ತು ಬೋರ್ಡಿನ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಐಸಿಯ ಕಾಲು ಬೋರ್ಡಿನೊಳಕ್ಕೆ ಇಳಿಯುವುದೇ 3 ಮಿ.ಮೀ. ಚಿಲ್ಲರೆ. ಅದರಲ್ಲಿ ಒಂದು ಮಿ.ಮೀ. ಕಳೆದುಕೊಂಡರೆ ಹಿಡಿತದ ಮೂರನೇ ಒಂದು ಭಾಗ ಹೋದ ಹಾಗೆ.

ಫೋಟೊ ಹೇಳದ ವಿಷಯಗಳೂ ಇವೆ. ಬಳಸಿ ಬಳಸಿ ಸವೆದ ಸ್ಪ್ರಿಂಗ್, ಸಿಪ್ಪೆಯೊಳಗೆ ಮುರಿದ ತಂತಿ, ಜಂಪರ್‌ನ ತಲೆಯೊಳಗೆ ಸರಿಯಾಗಿ ಒತ್ತದ ಪಿನ್, ಇವ್ಯಾವೂ ಕಾಣುವುದಿಲ್ಲ. ಆದ್ದರಿಂದ ‘ಸಡಿಲವಿಲ್ಲ’ ಎಂದು ಯಾರ ಫೋಟೊಕ್ಕೂ ಬರೆಯಬೇಡಿ. ‘ಅನುಮಾನ ಕಾಣಲಿಲ್ಲ’ ಎನ್ನುವಲ್ಲಿಗೆ ನಿಲ್ಲಿಸಿ.

ಮೂರು ಫೋಟೊ ಎದುರುಬದುರು

ಅಂಕ ಹೀಗಿರಲಿ: ಜಾಡಿಗೆ 12, ಜೋಡಣೆಗೆ ಒಂದರಂತೆ, ಊಹೆಗೆ ಅರ್ಧ. ಹಿಡಿತಕ್ಕೆ 5, ಅನುಮಾನದ ಪ್ರತಿ ತುದಿಗೆ ಅರ್ಧ ಕಡಿತ. ಅಚ್ಚುಕಟ್ಟಿಗೆ 3. ಒಟ್ಟು 20.

ಕ ಎಂಬ ಫೋಟೊ ನೋಡಿದೊಡನೆ ಇಷ್ಟವಾಗುತ್ತದೆ. ಸಿಂಗಲ್ ಸ್ಟ್ರಾಂಡ್ ವೈರ್‌ಗಳು ಅಳತೆಗೆ ಕತ್ತರಿಸಿ ಬೋರ್ಡಿಗೆ ಮಲಗಿವೆ, ರೆಸಿಸ್ಟರ್‌ಗಳ ಕಾಲು ಗಿಡ್ಡವಾಗಿವೆ. ಹನ್ನೊಂದು ಜೋಡಣೆ ಮೇಲಿನ ಫೋಟೊದಲ್ಲೇ ಸಿಗುತ್ತವೆ. ಪಿನ್ 2ರಿಂದ 6ಕ್ಕೆ ಹೋಗುವ ಹಳದಿ ವೈರ್ ಮಾತ್ರ ಡಿ11ರಲ್ಲಿ ಶುರುವಾಗಿ ಐಸಿಯ ಹೊಟ್ಟೆಯ ಕೆಳಗೆ ನುಸುಳುತ್ತದೆ. ಆಚೆ ಬದಿಯಲ್ಲಿ ಹಳದಿ ಕಾಣುತ್ತದೆ, ಆದರೆ ಅದು ಜಿ12ಕ್ಕೆ ಇಳಿದಿದೆಯೋ ಜಿ11ಕ್ಕೋ ಎಂಬುದನ್ನು 68 ಕಿಲೋ ಓಮ್ ರೆಸಿಸ್ಟರ್ ಮುಚ್ಚಿದೆ. ಇದು ಊಹೆ. ಜಾಡು 11.5.

ಬದಿಯ ಫೋಟೊ ಇನ್ನೊಂದು ಕತೆ ಹೇಳುತ್ತದೆ. ಆ ವೈರ್‌ನ ಸಿಪ್ಪೆ ಐಸಿಯನ್ನು ಸುಮಾರು ಒಂದು ಮಿ.ಮೀ. ಮೇಲಕ್ಕೆತ್ತಿ ನಿಲ್ಲಿಸಿದೆ. ಎಂಟೂ ಕಾಲಿನ ಭುಜದ ಕೆಳಗೆ ಬೆಳಕು ಕಾಣುತ್ತದೆ. ಅಂದ ಹೆಚ್ಚಿಸಲು ಬಚ್ಚಿಟ್ಟ ಒಂದು ವೈರ್‌ನಿಂದ ಎಂಟು ತುದಿಗಳು ಅನುಮಾನಕ್ಕೆ ಬಂದವು. ಕಡಿತ 4, ಹಿಡಿತಕ್ಕೆ ಉಳಿದದ್ದು 1. ಅಚ್ಚುಕಟ್ಟಿಗೆ ಪೂರ್ತಿ 3. ಒಟ್ಟು 15.5.

ಖ ಪೂರ್ತಿ ರೆಡಿಮೇಡ್ ಜಂಪರ್‌ಗಳದು. 20 ಸೆಂ.ಮೀ. ಉದ್ದದ ಏಳು ವೈರ್ ಬೋರ್ಡಿನ ಮೇಲೆ ಕಮಾನು ಕಟ್ಟಿವೆ. ಮೇಲಿನ ಫೋಟೊದಲ್ಲಿ ಏಳು ಜೋಡಣೆ, ಬದಿಯದರಲ್ಲಿ ಇನ್ನೆರಡು ಸಿಗುತ್ತವೆ. ಉಳಿದ ಮೂರು, ಅಂದರೆ ಪಿನ್ 1ರಿಂದ ಮೈನಸ್, ಎಲ್‌ಇಡಿಯಿಂದ ಮೈನಸ್, ಪಿನ್ 2ರಿಂದ 6, ಮೂರಕ್ಕೂ ಬಿಳಿ ಜಂಪರ್ ಹಾಕಿ ಒಟ್ಟಿಗೆ ಸುತ್ತಿದೆ. ಆರು ತುದಿಗಳು ಕಾಣುತ್ತವೆ, ಯಾವುದಕ್ಕೆ ಯಾವುದು ಜೋಡಿ ಎಂದು ಕಾಣುವುದಿಲ್ಲ. ಇಲ್ಲಿ ಅರ್ಧ ಅಂಕವೂ ಸಲ್ಲದು. ಪಿನ್ 2ರ ವೈರ್ ಮೈನಸ್‌ಗೆ, ಪಿನ್ 1ರದು ಪಿನ್ 6ಕ್ಕೆ ಅದಲುಬದಲಾಗಿದ್ದರೂ ಫೋಟೊ ಇದೇ ರೀತಿ ಕಾಣುತ್ತಿತ್ತು. ಜಾಡು 9. ಹಿಡಿತದಲ್ಲಿ ಖ ಅಷ್ಟೇನೂ ಕೆಟ್ಟದ್ದಲ್ಲ. ಹೆಚ್ಚಿನ ತಲೆಗಳು ನೆಟ್ಟಗಿವೆ, ಐಸಿ ಸಮವಾಗಿ ಕೂತಿದೆ. ಮೈನಸ್ ರೈಲ್‌ನಲ್ಲಿ ಒತ್ತೊತ್ತಾಗಿ ಹಾಕಿದ ಜಂಪರ್‌ಗಳಲ್ಲಿ ಎರಡು ವಾಲಿವೆ, ಬ್ಯಾಟರಿಯ ಎರಡು ತುದಿ ಎಳೆ ಬಿಚ್ಚಿಕೊಂಡಿವೆ. ನಾಲ್ಕು ಅನುಮಾನ, ಹಿಡಿತ 3. ಅಚ್ಚುಕಟ್ಟು 1. ಒಟ್ಟು 13.

ಗ ಲ್ಯಾನ್ ಕೇಬಲ್ ತಂತಿಯಲ್ಲಿ ಕಟ್ಟಿದ್ದು. ವೈರ್‌ಗಳು ಡೊಂಕು, ಉದ್ದ ಹೆಚ್ಚುಕಡಿಮೆ, ಆದರೆ ಒಂದೂ ಐಸಿಯ ಮೇಲಾಗಲಿ ಕೆಳಗಾಗಲಿ ಹಾದಿಲ್ಲ. ಪಿನ್ 2ರಿಂದ 6ಕ್ಕೆ ಹೋಗುವ ನೀಲಿ ವೈರ್ ಐಸಿಯ ಬಲ ತುದಿಯನ್ನು ಬಳಸಿ ಸುತ್ತು ಹಾಕಿದೆ. ಹನ್ನೆರಡೂ ಕಂಡವು. ದೋಷವಿರುವುದು ರೆಸಿಸ್ಟರ್‌ಗಳಲ್ಲಿ. 7 ಮತ್ತು 6ನೇ ಪಿನ್ ಪಕ್ಕಪಕ್ಕದ ಕಾಲಂ ಆದ್ದರಿಂದ 68 ಕಿಲೋ ಓಮ್ ಅನ್ನು ನೆಟ್ಟಗೆ ನಿಲ್ಲಿಸಿ, ಕಾಲು ಕತ್ತರಿಸದೆ ಬಿಟ್ಟಿದ್ದಾರೆ. ಅದರ ಬರಿ ಕಾಲು 10 ಕಿಲೋ ಓಮ್‌ನ ಬರಿ ಕಾಲಿನತ್ತ ವಾಲಿದೆ. ಇಲ್ಲಿ ಯಾವ ಕಾಲು ಯಾವುದಕ್ಕೆ ಎಂದೂ ನೋಡಬೇಕು. ಎರಡೂ ರೆಸಿಸ್ಟರುಗಳ ಪಿನ್ 7ರ ಬದಿಯ ಕಾಲುಗಳು ತಾಗಿದರೆ ಏನೂ ಆಗದು, ಅವು ಹೇಗೂ ಒಂದೇ ಜಾಗಕ್ಕೆ ಸೇರಿದವು. ಗ-ದಲ್ಲಿ ಪಿನ್ 6ರ ಬದಿಯ ಕಾಲು ಪ್ಲಸ್ ಬದಿಯ ಕಾಲಿನತ್ತ ವಾಲಿದೆ, ಇದು ತಾಗಬಾರದ ಜೋಡಿ. ಎರಡು ತುದಿ ಅನುಮಾನಕ್ಕೆ, ಬೆಸುಗೆ ಸವರದ ಬ್ಯಾಟರಿ ವೈರ್‌ನವು ಇನ್ನೆರಡು. ಹಿಡಿತ 3, ಅಚ್ಚುಕಟ್ಟು 2. ಒಟ್ಟು 17.

ಅಂದದ ಲೆಕ್ಕದಲ್ಲಿ ಕ, ಗ, ಖ ಎಂದಿದ್ದ ಕ್ರಮ ಗ, ಕ, ಖ ಆಯಿತು. ಸರ್ಕ್ಯೂಟ್ ಕೆಲಸ ಮಾಡಿತೇ ಎಂಬುದಕ್ಕೆ ಅಂಕ ಬೇರೆಯೇ ಇರಲಿ. ಖ ಆ ದಿನ ಚೆನ್ನಾಗಿ ಮಿನುಗಿರಬಹುದು, ಅದನ್ನು ಇಲ್ಲಿ ಬೆರೆಸಬಾರದು.

ಅನುಮಾನವನ್ನು ಪರೀಕ್ಷೆಗೆ ಹಚ್ಚುವುದು

ಅನುಮಾನದ ತುದಿಗಳ ಪಟ್ಟಿ ಮಾಡಿದ ಮೇಲೆ ವಿದ್ಯಾರ್ಥಿಯಿಂದ ಅರ್ಧ ನಿಮಿಷದ ವಿಡಿಯೊ ಕೇಳಬಹುದು: ಸರ್ಕ್ಯೂಟ್ ಮಿನುಗುತ್ತಿರುವಾಗ ಪ್ಲಾಸ್ಟಿಕ್ ಪೆನ್ನಿನ ಹಿಂಬದಿಯಿಂದ ಆ ತುದಿಗಳನ್ನಷ್ಟೇ ಮೆಲ್ಲಗೆ ಅಲುಗಿಸಬೇಕು. ಬೆರಳು ಬೇಡ. ಪಿನ್ 2ರ ಸುತ್ತ ಬೆರಳು ಹೋದರೆ ಅದೇ ಸರ್ಕ್ಯೂಟನ್ನು ಕೆಣಕಬಲ್ಲದು.

ಎಲ್‌ಇಡಿ ಹೇಗೆ ತಪ್ಪುತ್ತದೆ ಎಂಬುದರಿಂದ ಯಾವ ತುದಿ ಎಂದು ಬಹುಮಟ್ಟಿಗೆ ಹೇಳಬಹುದು. 10 ಕಿಲೋ ಓಮ್‌ನ ಒಂದು ಕಾಲು ಬಿಟ್ಟರೆ ಕೆಪಾಸಿಟರ್‌ಗೆ ಚಾರ್ಜ್ ಸಿಗದೆ ಎಲ್‌ಇಡಿ ಉರಿದೇ ಇರುತ್ತದೆ. ಐಸಿಯ 7ನೇ ಪಿನ್ ಒಂದೇ ತೇಲಿದ್ದರೆ ಕೆಪಾಸಿಟರ್ ತುಂಬುತ್ತದೆ, ಬರಿದಾಗಲು ದಾರಿ ಇಲ್ಲ, ಎಲ್‌ಇಡಿ ಆರಿ ಹಾಗೇ ಉಳಿಯುತ್ತದೆ. ದೊಡ್ಡ ಕೆಪಾಸಿಟರಿನ ಕಾಲು ಬಿಟ್ಟರೆ ಮಿನುಗು ಕಣ್ಣಿಗೆ ಸಿಗದಷ್ಟು ವೇಗವಾಗಿ, ಎಲ್‌ಇಡಿ ಸುಮ್ಮನೆ ಉರಿಯುತ್ತಿರುವಂತೆ ಕಾಣುತ್ತದೆ. ಮೊದಲನೆಯದಕ್ಕೂ ಇದಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಡಿಮೆ, ಆದ್ದರಿಂದ ಎರಡು ಕಡೆಯೂ ಅಲುಗಿಸಿ ನೋಡಬೇಕು. 4ನೇ ಪಿನ್ ಸಡಿಲವಿದ್ದರೆ ಅದಕ್ಕೆ ಹೊತ್ತುಗೊತ್ತಿಲ್ಲ: ಕೆಲವೊಮ್ಮೆ ಸರಿ, ಕೆಲವೊಮ್ಮೆ ನಡುವೆಯೇ ನಿಲ್ಲುತ್ತದೆ.

ಮಲ್ಟಿಮೀಟರ್‌ನ ಬೀಪ್ ಕೇಳಿಸಿತು ಎಂದು ವಿದ್ಯಾರ್ಥಿ ವಾದಿಸಿದರೆ ಒಪ್ಪಬೇಡಿ. ಹಲವು ಮೀಟರ್‌ಗಳು 30ರಿಂದ 50 ಓಮ್ ಇದ್ದರೂ ಬೀಪ್ ಮಾಡುತ್ತವೆ, ಒಳ್ಳೆಯ ಹಿಡಿತದಲ್ಲಿ ಒಂದು ಓಮ್ ಕೂಡ ಇರಬಾರದು. ಸರ್ಕ್ಯೂಟ್ ಓಡುತ್ತಿರುವಾಗ ಮೀಟರನ್ನು ಮಿಲಿವೋಲ್ಟ್‌ಗಿಟ್ಟು, ಒಂದೇ ಕಾಲಂನಲ್ಲಿರುವ ಎರಡು ಕಾಲುಗಳ ಲೋಹಕ್ಕೇ ಮೊನೆ ತಾಗಿಸಿ ನೋಡಲು ಹೇಳಿ. ಪಿನ್ 3 ಮತ್ತು 470 ಓಮ್‌ನ ಕಾಲು ಇದಕ್ಕೆ ಒಳ್ಳೆಯ ಜಾಗ. ಎಲ್‌ಇಡಿ ಉರಿದಾಗ ಅಲ್ಲಿ ಸುಮಾರು 12 ಮಿಲಿ ಆಂಪಿಯರ್ ಹರಿಯುತ್ತದೆ. ಕೆಲವೇ ಮಿಲಿವೋಲ್ಟ್ ತೋರಿಸಿದರೆ ಸರಿ, 50 ತೋರಿಸಿದರೆ ಆ ಎರಡು ಹಿಡಿತಗಳ ನಡುವೆ 4 ಓಮ್ ಕೂತಿದೆ.

ಕೊನೆಗೆ ವಿದ್ಯಾರ್ಥಿಗೆ ಬರೆಯುವ ಮಾತು. ‘ವೈರಿಂಗ್ ಸುಧಾರಿಸಿಕೊಳ್ಳಿ’ ಎಂದು ಬರೆದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಕ ಕಟ್ಟಿದವರಿಗೆ ಹೀಗೆ ಬರೆಯಬಹುದು: ‘ಡಿ11ರ ಹಳದಿ ವೈರ್ ತೆಗೆದು ಐಸಿಯ ಬಲಗಡೆಯಿಂದ ಬಳಸಿ ಜಿ12ಕ್ಕೆ ತನ್ನಿ. ಐಸಿಯನ್ನು ಎರಡೂ ತುದಿಯಿಂದ ಸಮವಾಗಿ ಒತ್ತಿ ಕೂರಿಸಿ. 68 ಕಿಲೋ ಓಮ್‌ನ ಕಾಲುಗಳನ್ನು ಹೆಚ್-11 ಮತ್ತು ಹೆಚ್-12ರ ಬದಲು ಜೆ ಸಾಲಿಗೆ ಸರಿಸಿದರೆ ಜಿ12 ಮೇಲಿನಿಂದ ಕಾಣುತ್ತದೆ. ಬದಿಯ ಫೋಟೊ ಮಾತ್ರ ಮತ್ತೆ ಕಳಿಸಿ.’